ಚ, ಜ: ಒಂದು ಧ್ವನಿಯೋ, ಎರಡೋ? ನೀವೇ ಎಣಿಸಿ ನೋಡುವ ಬಗೆ

ಇಂಗ್ಲಿಷ್ ಉಚ್ಚಾರಣೆ ತೋರಿಸುವ ನಿಘಂಟು ತೆರೆದರೆ ನಮ್ಮ ಚ ಇರುವ ಕಡೆ tʃ ಎಂದೂ, ಜ ಇರುವ ಕಡೆ dʒ ಎಂದೂ ಬರೆದಿರುತ್ತದೆ. ಒಂದೊಂದಕ್ಕೂ ಎರಡೆರಡು ಗುರುತು. ಇದನ್ನು ನೋಡಿದವರಿಗೆ ಅನುಮಾನ ಬರುವುದು ಸಹಜ. ಚ ಅಂದರೆ ಟ್ ಮತ್ತು ಶ್ ಸೇರಿದ್ದಾ? ಹಾಗಿದ್ದರೆ ನಮ್ಮ ವರ್ಣಮಾಲೆಯಲ್ಲಿ ಅದನ್ನು ಕ ಮತ್ತು ಟ ಸಾಲುಗಳ ನಡುವೆ ಒಂಟಿ ಅಕ್ಷರವಾಗಿ ಕೂರಿಸಿದ್ದು ಯಾಕೆ?

ಚುಟುಕಾಗಿ ಹೇಳುವುದಾದರೆ, ಬಾಯಲ್ಲಿ ಅದಕ್ಕೆ ಎರಡು ಘಟ್ಟ ಇವೆ. ಆದರೆ ಕನ್ನಡ ಅದನ್ನು ಒಂದೇ ಎಂದು ಎಣಿಸುತ್ತದೆ. ಇದನ್ನು ಯಾರೋ ಹೇಳಿದರು ಅಂತ ಒಪ್ಪಿಕೊಳ್ಳಬೇಕಿಲ್ಲ. ನಿಮ್ಮ ನಾಲಿಗೆ, ಒಂದು ಹಾಳೆ, ಶಾಲೆಯಲ್ಲಿ ಕಲಿತ ಛಂದಸ್ಸು ಮತ್ತು ಸಂಧಿ ಇಷ್ಟಿದ್ದರೆ ನೀವೇ ಪರೀಕ್ಷೆ ಮಾಡಬಹುದು. ಕೊನೆಯ ಒಂದು ಹೆಜ್ಜೆಗೆ ಮಾತ್ರ ಕಂಪ್ಯೂಟರ್ ಬೇಕು. ಅದು ಇಲ್ಲದಿದ್ದರೂ ಉತ್ತರ ಸಿಗುತ್ತದೆ.

ಮೂರೇ ಮೂರು ಹೆಸರು ಮೊದಲೇ ತಿಳಿದಿರಲಿ. ಗಾಳಿಯನ್ನು ಪೂರ್ತಿ ತಡೆದು ಬಿಡುವ ಕ, ಟ, ತ, ಪ ಇವು ಸ್ಪರ್ಶ. ಗಾಳಿಯನ್ನು ಕಿರಿದಾದ ಸಂದಿಯಲ್ಲಿ ಉಜ್ಜಿಕೊಂಡು ಹೋಗಲು ಬಿಡುವ ಶ, ಸ ಇವು ಘರ್ಷ. ಮೊದಲು ತಡೆದು, ಆಮೇಲೆ ಅದೇ ಜಾಗದಲ್ಲಿ ಉಜ್ಜುತ್ತಾ ಬಿಡುವ ಚ, ಜ ಥರದವನ್ನು ಅನುಘರ್ಷ ಎನ್ನುತ್ತಾರೆ. ನಮ್ಮ ಹಳೆಯ ವ್ಯಾಕರಣಗಳು ಕ ದಿಂದ ಮ ವರೆಗಿನ 25 ಅಕ್ಷರಗಳನ್ನೂ ಸ್ಪರ್ಶ ಎಂದೇ ಕರೆದು, ಚ ವರ್ಗವನ್ನೂ ಅದರೊಳಗೇ ಇಟ್ಟವು.

ಶುರುಮಾಡುವ ಮೊದಲು: ಅಕ್ಷರ ನೋಡಿ ತೀರ್ಮಾನ ಮಾಡಬೇಡಿ

"ಚ ಒಂದೇ ಅಕ್ಷರ, ಹಾಗಾಗಿ ಒಂದೇ ಧ್ವನಿ" ಎಂಬ ವಾದ ನಿಲ್ಲುವುದಿಲ್ಲ. ಇಂಗ್ಲಿಷಿನವರು ಅದೇ ಧ್ವನಿಗೆ ಎರಡು ಅಕ್ಷರ ಬರೆಯುತ್ತಾರೆ. ಜರ್ಮನ್ನರು ತಮ್ಮ ಭಾಷೆಯ ಹೆಸರಾದ 'ಡಾಯ್ಚ್' ಬರೆಯುವಾಗ ಕೊನೆಯ ಚ್‌ಗೆ ನಾಲ್ಕು ಅಕ್ಷರ ಖರ್ಚು ಮಾಡುತ್ತಾರೆ. ನಮ್ಮಲ್ಲೇ ನೋಡಿ, ಕ್ಷ ವನ್ನು ಎಷ್ಟೋ ಕಾಗುಣಿತ ಪಟ್ಟಿಗಳಲ್ಲಿ ಕೊನೆಗೆ ಒಂದು ಅಕ್ಷರದ ಹಾಗೆ ಬರೆದಿರುತ್ತಾರೆ. ಆದರೆ ಅದು ಕ್ ಮತ್ತು ಷ ಎಂದು ಎಲ್ಲರಿಗೂ ಗೊತ್ತು. ಅದು ನಿಜವಾಗಿಯೂ ಸ್ಪರ್ಶದ ಮುಂದೆ ಘರ್ಷ ಬಂದಿರುವ ಜೋಡಿ.

ಅದಕ್ಕೇ ಈ ಲೇಖನದ ಉದ್ದಕ್ಕೂ ಕ್ಷ ನಮ್ಮ ಅಳತೆಗೋಲು. ಪ್ರತಿ ಹೆಜ್ಜೆಯಲ್ಲೂ ಚ ಅಥವಾ ಜ ವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಚ ಕೂಡ ಜೋಡಿಯಾಗಿದ್ದರೆ ಕ್ಷ ನಡೆದುಕೊಳ್ಳುವ ಹಾಗೇ ನಡೆದುಕೊಳ್ಳಬೇಕು ಅಲ್ವಾ?

ಹೆಜ್ಜೆ 1: ನಾಲಿಗೆ ಎಲ್ಲಿ ತಾಗುತ್ತದೆ ನೋಡಿ

'ಅತ' ಎನ್ನಿ. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗುತ್ತದೆ. 'ಅಟ' ಎನ್ನಿ. ತುದಿ ಹಿಂದಕ್ಕೆ ಮಡಚಿಕೊಂಡು ಮೇಲೆ ತಾಗುತ್ತದೆ. ಈಗ 'ಅಚ' ಎನ್ನಿ, ಆದರೆ ಚ ಬಿಡುವ ಮೊದಲೇ ನಿಲ್ಲಿಸಿ. ತಾಗಿರುವುದು ನಾಲಿಗೆಯ ತುದಿಗಿಂತ ಅದರ ಹಿಂದಿನ ಚಪ್ಪಟೆ ಭಾಗ. ಜಾಗವೂ ಬೇರೆ, ಹಲ್ಲಿನ ಒಸಡು ಮುಗಿದು ಅಂಗುಳ ಶುರುವಾಗುವ ಕಡೆ. ತುಂಬಾ ಜನರಿಗೆ ಆ ಹೊತ್ತಿನಲ್ಲಿ ತುದಿ ಕೆಳಗಿನ ಹಲ್ಲಿನ ಹತ್ತಿರ ಸುಮ್ನೆ ಬಿದ್ದಿರುತ್ತದೆ.

ಅಂದರೆ ಚ ದ ಮೊದಲ ಅರ್ಧ ತ್ ಅಲ್ಲ, ಟ್ ಕೂಡ ಅಲ್ಲ. ಆ ಜಾಗದಲ್ಲಿ ತಡೆದು ಉಜ್ಜದೇ ಬಿಡುವ ಬೇರೆ ಸ್ಪರ್ಶ ಕನ್ನಡದಲ್ಲಿ ಇಲ್ಲವೇ ಇಲ್ಲ.

ಜ ದಲ್ಲಿ ಇದು ಇನ್ನೂ ಸ್ಪಷ್ಟ. ಜ ದ ಎರಡನೇ ಅರ್ಧವನ್ನು ಮಾತ್ರ ಬೇರೆ ಮಾಡಿ ಎಳೆದರೆ, ಇಂಗ್ಲಿಷಿನ 'ಮೆಷರ್', 'ಟೆಲಿವಿಷನ್' ಪದಗಳನ್ನು ಅಲ್ಲಿಯವರು ಹೇಳುವಾಗ ಮಧ್ಯದಲ್ಲಿ ಬರುವ ಗುಂಯ್‌ಗುಡುವ ಶ ಸಿಗುತ್ತದೆ. ಅದು ಕನ್ನಡದ ಧ್ವನಿಯಲ್ಲ. ನಾವು ಆ ಪದಗಳನ್ನು ಷ ಅಥವಾ ಜ ಹಾಕಿ ಹೇಳಿ ಮುಗಿಸುತ್ತೇವೆ. ಅಂದಮೇಲೆ ಜ ವನ್ನು ಎರಡಾಗಿ ಒಡೆದರೆ ಎರಡು ತುಂಡುಗಳೂ ಕನ್ನಡದಲ್ಲಿ ಬೇರೆಲ್ಲೂ ಸಿಗದವು. ಕ್ಷ ಒಡೆದು ನೋಡಿ: ಕ್ ಸಾವಿರ ಪದಗಳಲ್ಲಿದೆ, ಷ ಕೂಡ ಇದೆ. ಧ್ವನಿವಿಜ್ಞಾನಿ ಟ್ರುಬೆಟ್ಸ್‌ಕಾಯ್ ಅವರ 1939ರ ಪುಸ್ತಕದಲ್ಲಿ ಒಂಟಿ ಧ್ವನಿಯನ್ನು ಗುರುತಿಸಲು ಕೊಟ್ಟ ಸೂತ್ರಗಳಲ್ಲಿ ಇದೂ ಒಂದು. ಒಡೆದ ತುಂಡು ಆ ಭಾಷೆಯಲ್ಲಿ ತಾನಾಗಿ ಬದುಕದಿದ್ದರೆ, ಒಡೆಯುವುದೇ ತಪ್ಪು.

ಇಲ್ಲೊಂದು ಎಚ್ಚರಿಕೆ. ಈ ಪರೀಕ್ಷೆಯನ್ನು ತುಂಬಾ ನಿಧಾನ ಮಾಡಿದರೆ ನೀವೇ ನಿಮಗೆ ಮೋಸ ಮಾಡಿಕೊಳ್ಳುತ್ತೀರಿ. ಚ ವನ್ನು 'ಟ್… ಶ' ಎಂದು ಎಳೆದು ಹೇಳಿ "ನೋಡಿ, ಎರಡಿದೆ" ಎನ್ನುವವರು ಆಗ ಹೇಳುತ್ತಿರುವುದು ಚ ಅಲ್ಲ. ನಾಲಿಗೆ ಹಿಂದಿನಿಂದ ಮುಂದಕ್ಕೆ ಹಾರಿತೇ ಎಂದು ಗಮನಿಸಿ. ಹಾರಿದರೆ ಅದು ಟ್ ಮತ್ತು ಶ್. ಇದ್ದಲ್ಲೇ ಸ್ವಲ್ಪ ಸಡಿಲವಾದರೆ ಚ.

ಹೆಜ್ಜೆ 2: ಒಂದೇ ಜಾಗದಲ್ಲಿ ಐದನ್ನೂ ಕೂರಿಸಿ

ಈ ಐದು ಪದಗಳನ್ನು ಸಾಲಾಗಿ ಹೇಳಿ: ಕಕ್ಕು, ಕಚ್ಚು, ಕಟ್ಟು, ಕತ್ತು, ಕಪ್ಪು.

ಐದೂ ದಿನಬಳಕೆಯ ಪದಗಳು. ಐದು ವರ್ಗಗಳಿಂದ ಒಂದೊಂದು. ಮೊದಲ ಕ ಹಾಗೇ ಇದೆ, ಕೊನೆಯ ಉ ಹಾಗೇ ಇದೆ, ನಡುವಿನ ಒತ್ತು ಮಾತ್ರ ಬದಲಾಗುತ್ತಿದೆ. ಕಚ್ಚು ಈ ಸಾಲಿನಲ್ಲಿ ಎಲ್ಲೂ ಉದ್ದವಾಗಿ ಕಾಣುವುದಿಲ್ಲ, ನಾಲಿಗೆ ಎಡವುವುದೂ ಇಲ್ಲ.

ಈಗ ಚ ಅಂದರೆ ಟ್+ಶ್ ಎಂದು ಇಟ್ಟುಕೊಳ್ಳಿ. ಕಟ್ಟು ಎಂಬಲ್ಲಿ ನಡುವೆ ಎರಡು ವ್ಯಂಜನ. ಕಚ್ಚು ಎಂಬಲ್ಲಿ ಕನಿಷ್ಠ ಮೂರು ಆಗುತ್ತದೆ, ಲೆಕ್ಕ ಗಟ್ಟಿ ಹಿಡಿದರೆ ನಾಲ್ಕು. ಅಚ್ಚ ಕನ್ನಡ ಪದಗಳಲ್ಲಿ ಎರಡು ಸ್ವರಗಳ ನಡುವೆ ಮೂರು, ನಾಲ್ಕು ವ್ಯಂಜನ ಒಟ್ಟಿಗೆ ಕೂರುವುದನ್ನು ನೋಡಿದ್ದೀರಾ? ಅಂಥದ್ದು ಬರುವುದು 'ಲಕ್ಷ್ಮಿ', 'ರಾಷ್ಟ್ರ'ದಂಥ ಸಂಸ್ಕೃತ ಪದಗಳಲ್ಲಿ. ಹಾಗೆ ಬಂದಾಗ ಆಡುಮಾತು ಅದನ್ನು ತಡೆದುಕೊಳ್ಳದೆ ಲಕ್ಷ್ಮಿಯನ್ನು ಲಕುಮಿ ಮಾಡಿಬಿಡುತ್ತದೆ. ಕಚ್ಚು, ಮೆಚ್ಚು, ಹುಚ್ಚು, ಹೆಜ್ಜೆ, ಗೆಜ್ಜೆ, ಮಜ್ಜಿಗೆ ಇವನ್ನು ಯಾರೂ ಹೀಗೆ ಸಡಿಲ ಮಾಡಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ.

ಪದದ ಮೊದಲಿಗೂ ಇದೇ ಮಾತು. ಅಚ್ಚ ಕನ್ನಡ ಪದ ಒತ್ತಕ್ಷರದಿಂದ ಶುರುವಾಗುವುದಿಲ್ಲ. ಹೊರಗಿಂದ ಬಂದ ಗ್ಲಾಸು ಗಲಾಸಾಗುತ್ತದೆ, ಸ್ಕೂಲು ಇಸ್ಕೂಲಾಗುತ್ತದೆ, ಪ್ರಾಣ ಪರಾಣ ಆಗುತ್ತದೆ. ಚಳಿ, ಚಿಗುರು, ಜೇನು, ಜೊಲ್ಲು ಮಾತ್ರ ಆರಾಮವಾಗಿ ಇದ್ದ ಹಾಗೇ ಇವೆ. ಚಳಿಯನ್ನು 'ಟಿಶಳಿ' ಎಂದವರು ಯಾರೂ ಇಲ್ಲ.

ಹೆಜ್ಜೆ 3: ಪ್ರಸ್ತಾರ ಹಾಕಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಯಂತ್ರ ಬೇಡ, ಹೊರದೇಶದ ಸಿದ್ಧಾಂತ ಬೇಡ. ಹೈಸ್ಕೂಲಿನಲ್ಲಿ ಕಲಿತ ಲಘು ಗುರು ಸಾಕು.

ನಿಯಮ ನೆನಪಿದೆಯಲ್ಲ? ಹ್ರಸ್ವ ಸ್ವರ ಲಘು, ಒಂದು ಮಾತ್ರೆ. ದೀರ್ಘ ಸ್ವರ ಗುರು, ಎರಡು ಮಾತ್ರೆ. ಹ್ರಸ್ವದ ಮುಂದೆ ಒತ್ತಕ್ಷರ ಬಂದರೆ ಅದೂ ಗುರು. ನಮಗೆ ಬೇಕಾಗಿರುವುದು ಈ ಕೊನೆಯ ನಿಯಮ. ಮುಂದೆ ಎರಡು ವ್ಯಂಜನ ಇವೆಯೋ ಒಂದೇ ಇದೆಯೋ ಎಂದು ಅದು ನಮ್ಮ ಪರವಾಗಿ ಎಣಿಸಿ ಕೊಡುತ್ತದೆ.

'ಅಕ್ಷರ' ಪದಕ್ಕೆ ಪ್ರಸ್ತಾರ ಹಾಕಿ. ಅ ದ ಮುಂದೆ ಕ್ಷ ಇದೆ, ಹಾಗಾಗಿ ಅ ಗುರು. ಕ್ಷ ಲಘು, ರ ಲಘು. ಒಟ್ಟು ನಾಲ್ಕು ಮಾತ್ರೆ. ಈಗ 'ವಚನ' ಹಾಕಿ. ವ ಲಘು, ಚ ಲಘು, ನ ಲಘು. ಮೂರೇ ಮಾತ್ರೆ. ಚ ಎರಡು ವ್ಯಂಜನ ಆಗಿದ್ದರೆ ವ ಗುರುವಾಗಿ ನಾಲ್ಕು ಮಾತ್ರೆ ಬರಬೇಕಿತ್ತು. 'ಭಜನೆ', 'ರಜನಿ', 'ರಚನೆ' ಯಾವುದನ್ನು ತೆಗೆದುಕೊಂಡರೂ ಮೂರೇ.

"ಅದು ಬರೆದದ್ದನ್ನು ನೋಡಿ ಹಾಕಿದ ಲೆಕ್ಕ, ಬರಹದಲ್ಲಿ ಒತ್ತು ಇಲ್ಲ ಅಂತ ಲಘು ಅಂದಿರಿ" ಎಂದು ಯಾರಾದರೂ ತಕರಾರು ಎತ್ತಬಹುದು. ನ್ಯಾಯವಾದ ತಕರಾರೇ. ಹಾಗಾದರೆ ಕಿವಿಯಿಂದಲೇ ಮಾಡೋಣ. ಐದೈದು ಮಾತ್ರೆಯ ಎರಡು ಗಣ ಇರುವ ಒಂದು ಸಾಲು, ನಾನೇ ಕಟ್ಟಿದ್ದು:

ಅಜನ ಮಗ | ದಶರಥನು

ಚಿಟಿಕೆ ಹಾಕುತ್ತಾ ಹೇಳಿ. ಅಜನ ಮೂರು, ಮಗ ಎರಡು. ದಶರಥನು ಐದು. ಹತ್ತೂ ಲಘು, ಸಾಲು ನೀರು ಹರಿದ ಹಾಗೆ ಹೋಗುತ್ತದೆ. ಈಗ ಒಂದೇ ಒಂದು ಬದಲಾವಣೆ ಮಾಡಿ:

ಅಜ್ಜನ ಮಗ | ದಶರಥನು

ಮೊದಲ ಗಣ ಆರು ಮಾತ್ರೆಯಾಯಿತು. ಚಿಟಿಕೆ ತಪ್ಪಿತು. ಬರಹ ಓದಲು ಬಾರದ ಮಗುವಿಗೂ ಈ ಎಡವಟ್ಟು ಕೇಳಿಸುತ್ತದೆ. ಜ ಮೊದಲೇ ಎರಡು ವ್ಯಂಜನಗಳ ಜೋಡಿಯಾಗಿದ್ದರೆ 'ಅಜನ' ಎಂಬಲ್ಲಿ ಅ ಆಗಲೇ ಗುರು ಆಗಿರುತ್ತಿತ್ತು. 'ಅಜನ' ಮತ್ತು 'ಅಜ್ಜನ' ಎರಡಕ್ಕೂ ನಾಲ್ಕು ನಾಲ್ಕು ಮಾತ್ರೆ ಬಂದು ತೂಕದಲ್ಲಿ ವ್ಯತ್ಯಾಸವೇ ಇರುತ್ತಿರಲಿಲ್ಲ. ವ್ಯತ್ಯಾಸ ಇದೆ, ಅದೂ ಸರಿಯಾಗಿ ಒಂದು ಮಾತ್ರೆ. ಒಂಟಿ ಜ ಒಂದು, ಜ್ಜ ಎರಡು.

ಪರೀಕ್ಷೆಗೆ ಪದ ಆರಿಸುವಾಗ ಚ, ಜ ಗಳ ಹಿಂದಿನ ಸ್ವರ ಹ್ರಸ್ವವೇ ಆಗಿರಲಿ. 'ರಾಜ', 'ಯಾಚನೆ' ತೆಗೆದುಕೊಂಡರೆ ಆ ಸ್ವರ ಹೇಗೂ ಗುರು, ಏನೂ ತಿಳಿಯುವುದಿಲ್ಲ. ಹಳಗನ್ನಡ ಕಾವ್ಯದಿಂದ ಸಾಲು ತೆಗೆದರೆ ಶಿಥಿಲದ್ವಿತ್ವ ಅಡ್ಡ ಬರಬಹುದು. ಅಲ್ಲಿ ಕೆಲವು ಒತ್ತಕ್ಷರಗಳು ಹಿಂದಿನ ಅಕ್ಷರವನ್ನು ಗುರು ಮಾಡದೇ ತೇಲಿಸಿಬಿಡುತ್ತವೆ. ಅದರ ಗೋಜಿಗೆ ಹೋಗದೆ ಇಂದಿನ ಪದಗಳನ್ನೇ ಬಳಸಿ.

ಹೆಜ್ಜೆ 4: ಸಂಧಿಯಲ್ಲಿ ಎಷ್ಟು ಹೋಯಿತು, ಎಷ್ಟು ಬಂತು

ಚ ಅಂದರೆ ತ್+ಶ್ ಎಂದು ವಾದಿಸುವವರ ಕೈಯಲ್ಲಿ ಒಂದು ಒಳ್ಳೆಯ ಅಸ್ತ್ರ ಇದೆ. ಶ್ಚುತ್ವಸಂಧಿ. ಉತ್ + ಶ್ವಾಸ ಸೇರಿದರೆ ಉಚ್ಛ್ವಾಸ. ಉತ್ + ಶಿಷ್ಟ ಸೇರಿದರೆ ಉಚ್ಛಿಷ್ಟ. "ನೋಡಿ, ತ್ ಪಕ್ಕ ಶ್ ಬಂತು, ಚಕಾರ ಹುಟ್ಟಿತು. ಇನ್ನೇನು ಬೇಕು?" ಎನ್ನುತ್ತಾರೆ.

ಸ್ವಲ್ಪ ತಾಳಿ, ಎಣಿಸೋಣ. ಉತ್ + ಶಿಷ್ಟದಲ್ಲಿ ಕೂಡುವ ಜಾಗದಲ್ಲಿ ಇದ್ದದ್ದು ತ್ ಮತ್ತು ಶ್, ಒಟ್ಟು ಎರಡು. ಉಚ್ಛಿಷ್ಟದಲ್ಲಿ ಅದೇ ಜಾಗದಲ್ಲಿ ಇರುವುದು ಚ್ ಮತ್ತು ಛ್. ಅದೂ ಎರಡು. ತ್ ಹೋಗಿ ಚ್ ಆಯಿತು, ಶ್ ಹೋಗಿ ಛ್ ಆಯಿತು. ಚಕಾರವೇ ತ್+ಶ್ ಆಗಿದ್ದರೆ ಸಂಧಿಯಾದ ಮೇಲೆ ಒಂಟಿ ಚ ಸಿಕ್ಕಿ 'ಉಚಿಷ್ಟ' ಆಗಬೇಕಿತ್ತು. ಆಗಲಿಲ್ಲ. ಅವರ ಅಸ್ತ್ರ ಅವರಿಗೇ ತಿರುಗಿತು.

ಸತ್ + ಜನ = ಸಜ್ಜನ ತೆಗೆದುಕೊಳ್ಳಿ. ತ್ ಮತ್ತು ಜ್ ಇದ್ದ ಕಡೆ ಜ್ ಮತ್ತು ಜ್. ಶರತ್ + ಚಂದ್ರ = ಶರಚ್ಚಂದ್ರ. ತ್ ಮತ್ತು ಚ್ ಇದ್ದ ಕಡೆ ಚ್ ಮತ್ತು ಚ್. ಎಲ್ಲ ಕಡೆಯೂ ಒಂದಕ್ಕೆ ಒಂದು.

ಜಶ್ತ್ವಸಂಧಿಯೂ ಇದನ್ನೇ ಹೇಳುತ್ತದೆ. ವಾಕ್ + ಈಶ = ವಾಗೀಶ, ಷಟ್ + ಆನನ = ಷಡಾನನ, ಅಚ್ + ಅಂತ = ಅಜಂತ. ಕ್ ಇದ್ದಲ್ಲಿ ಗ್, ಟ್ ಇದ್ದಲ್ಲಿ ಡ್, ಚ್ ಇದ್ದಲ್ಲಿ ಜ್. ನಿಯಮ ಚ್ ಎಂಬುದನ್ನು ಇಡಿಯಾಗಿ ಎತ್ತಿಕೊಂಡು ಅದರ ಘೋಷ ಜೊತೆಗಾರನನ್ನು ಇಟ್ಟಿದೆ. ಅದರ ಅರ್ಧವನ್ನು ಮಾತ್ರ ಮುಟ್ಟಿದ ಉದಾಹರಣೆ ಒಂದೂ ಇಲ್ಲ.

ಇವೆಲ್ಲ ಸಂಸ್ಕೃತದ ಸಂಧಿ, ಕನ್ನಡದ್ದೇ ಬೇಕು ಎನ್ನುವವರಿಗೆ ಆದೇಶಸಂಧಿ ಇದೆ. ಮುನ್ + ಸೆರಗು = ಮುಂಜೆರಗು. ಇನ್ + ಸರ = ಇಂಚರ. ಸ ಇದ್ದಲ್ಲಿ ಜ ಅಥವಾ ಚ ಬಂತು. ಯಾಕೆ ಹೀಗಾಯಿತು ಎಂಬುದನ್ನು ಬಾಯಲ್ಲೇ ಕಂಡುಕೊಳ್ಳಬಹುದು. ನ್ ಹೇಳುವಾಗ ನಾಲಿಗೆ ಮೇಲೆ ತಾಗಿ ಬಾಯಿಯ ದಾರಿ ಮುಚ್ಚಿರುತ್ತದೆ. ಆ ಮುಚ್ಚಿದ ಸ್ಥಿತಿಯಿಂದ ನೇರವಾಗಿ ಸ ದ ಉಜ್ಜುವಿಕೆಗೆ ಜಾರಿದರೆ ತಡೆ ಮತ್ತು ಉಜ್ಜು ಎರಡೂ ಇರುವ ಧ್ವನಿಯೇ ಹುಟ್ಟುತ್ತದೆ. ಹೀಗೆ ಎರಡು ಘಟ್ಟ ಸೇರಿಕೊಂಡರೂ ಭಾಷೆ ಅದನ್ನು ಒಂದು ಸ ದ ಜಾಗದಲ್ಲಿ ಒಂದು ಜ ಎಂದೇ ಬರೆದುಕೊಂಡಿತು.

ತದ್ಭವಗಳಲ್ಲಿ ನನಗೆ ಸಿಕ್ಕ ಅತ್ಯಂತ ಅಚ್ಚುಕಟ್ಟಾದ ಪದ 'ಜಕ್ಕ'. ಯಕ್ಷ ಎಂಬುದರಿಂದ ಬಂದದ್ದು. ಒಂದೇ ಪದದಲ್ಲಿ ಎರಡೂ ಪಾಠ ಇದೆ. ಮೊದಲ ಯ ಒಂದೇ ಧ್ವನಿ, ಅದರ ಜಾಗಕ್ಕೆ ಬಂದದ್ದು ಜ. ಕ್ಷ ಎರಡು ಧ್ವನಿ, ಅದರ ಜಾಗಕ್ಕೆ ಬಂದದ್ದು ಕ್ಕ, ಅದೂ ಎರಡು. ಅಕ್ಷರ ಅಕ್ಕರ ಆದಾಗಲೂ ಹಾಗೇ. ಮತ್ಸರ ಮಚ್ಚರ ಆದಾಗ ತ್ಸ ಎಂಬ ಜೋಡಿಗೆ ಚ್ಚ ಎಂಬ ಜೋಡಿ ಬಂತು, ಒಂಟಿ ಚ ಅಲ್ಲ.

ಹೆಜ್ಜೆ 5: ಕಂಪ್ಯೂಟರಿನಲ್ಲಿ ಕಣ್ಣಾರೆ ನೋಡಿ

ಇಷ್ಟಾದ ಮೇಲೂ ಧ್ವನಿಯನ್ನು ಕಣ್ಣಿಂದ ನೋಡುವ ಆಸೆ ಇದ್ದರೆ ಪ್ರಾಟ್ ಎಂಬ ಉಚಿತ ತಂತ್ರಾಂಶ ಇದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ್ದು. ಹೆಸರು Praat ಎಂದು ಹುಡುಕಿ ಇಳಿಸಿಕೊಳ್ಳಿ.

ತೆರೆದು New ಮೆನುವಿನಲ್ಲಿ Record mono Sound... ಒತ್ತಿ. ಸ್ಯಾಂಪ್ಲಿಂಗ್ 44100 ಇರಲಿ. ಫ್ಯಾನ್ ಆಫ್ ಮಾಡಿ. ಅದರ ಶಬ್ದವೂ ಒಂದು ಘರ್ಷವೇ, ಚಿತ್ರದಲ್ಲಿ ಎಲ್ಲ ಕಡೆ ಬೂದಿ ಬಳಿದ ಹಾಗೆ ಕಾಣುತ್ತದೆ. ಫೋನಿನ ವಾಯ್ಸ್ ಮೆಸೇಜ್ ತಂದು ಹಾಕುವುದೂ ಬೇಡ. ಅದರಲ್ಲಿ ಶಬ್ದವನ್ನು ಹಿಂಡಿ ಕಿರಿದು ಮಾಡಿರುತ್ತಾರೆ, ಉಜ್ಜುವ ಧ್ವನಿಗಳ ಮೇಲ್ಭಾಗವೇ ಹಾಳಾಗಿರಬಹುದು.

"ನಾನು ಅಜ ಅಂದೆ", "ನಾನು ಅಜ್ಜ ಅಂದೆ" ಎಂಬ ಎರಡು ವಾಕ್ಯಗಳನ್ನು ಒಂದೇ ವೇಗದಲ್ಲಿ ಮೂರು ಮೂರು ಸಲ ಹೇಳಿ ಉಳಿಸಿಕೊಳ್ಳಿ. ಪದವನ್ನು ವಾಕ್ಯದೊಳಗೆ ಇಡುವುದು ಮುಖ್ಯ. ಪದ ಮಾತ್ರ ಹೇಳಿದರೆ ಒಂದೊಂದು ಸಲ ಒಂದೊಂದು ಥರ ಎಳೆಯುತ್ತೇವೆ. View & Edit ಒತ್ತಿದರೆ ಮೇಲೆ ಅಲೆಯ ಗೆರೆ, ಕೆಳಗೆ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಹೊತ್ತಿನಲ್ಲಿ ಯಾವ ಕಂಪನಾಂಕದ ಸದ್ದು ಎಷ್ಟಿದೆ ಎಂದು ತೋರಿಸುವ ಚಿತ್ರ, ಬರುತ್ತದೆ. ಸ್ಪೆಕ್ಟ್ರೋಗ್ರಾಮ್ ತಾನಾಗಿ 5000 ಹರ್ಟ್ಜ್ ವರೆಗೆ ಮಾತ್ರ ತೋರಿಸುತ್ತದೆ. ಉಜ್ಜುವ ಧ್ವನಿಗಳಿಗೆ ಅದು ಸಾಲದು, Spectrogram settings... ನಲ್ಲಿ 8000ಕ್ಕೆ ಏರಿಸಿ.

ಜ ಇರುವ ಕಡೆ ಹೀಗೆ ಕಾಣುತ್ತದೆ. ಸ್ವರದ ದಟ್ಟ ಪಟ್ಟೆಗಳು ನಿಂತು ಮೇಲೆಲ್ಲ ಖಾಲಿ ಆಗುತ್ತದೆ, ತಳದಲ್ಲಿ ಮಾತ್ರ ಒಂದು ಕಪ್ಪು ಪಟ್ಟಿ ಉಳಿಯುತ್ತದೆ. ಬಾಯಿ ಮುಚ್ಚಿದ್ದರೂ ಗಂಟಲು ನುಡಿಯುತ್ತಿದೆ ಎಂಬ ಗುರುತು ಅದು. ಆಮೇಲೆ ಸಟ್ಟನೆ ಮೇಲ್ಭಾಗದಲ್ಲಿ ಗೀಚಿದಂಥ ಕಪ್ಪು ಬರುತ್ತದೆ. ಅದು ಉಜ್ಜು. ಚ ಆದರೆ ತಳದ ಪಟ್ಟಿ ಇರುವುದಿಲ್ಲ, ತಡೆಯ ಭಾಗ ಬಹುಮಟ್ಟಿಗೆ ಬಿಳಿ.

ತಡೆಯ ಭಾಗವನ್ನು ಮೌಸ್‌ನಿಂದ ಎಳೆದು ಆರಿಸಿದರೆ ಅದರ ಅವಧಿ ಕಾಣುತ್ತದೆ. ಬರೆದುಕೊಳ್ಳಿ. ಉಜ್ಜಿನ ಭಾಗಕ್ಕೂ ಹಾಗೇ ಮಾಡಿ. ಆರು ಸಲದ್ದನ್ನೂ ಅಳೆದು ಅಜ ಒಂದು ಕಡೆ, ಅಜ್ಜ ಒಂದು ಕಡೆ ಇಟ್ಟು ನೋಡಿ. ಅಜ್ಜ ಎಂಬಲ್ಲಿ ಎದ್ದು ಕಾಣುವ ಹಾಗೆ ಹಿಗ್ಗುವುದು ತಡೆ. ಉಜ್ಜು ಒಂದೇ ಸಲ ಬರುತ್ತದೆ, ಅದರ ಉದ್ದ ಅಷ್ಟೇನೂ ಬದಲಾಗುವುದಿಲ್ಲ. ಎರಡು ಧ್ವನಿಗಳ ಜೋಡಿಯನ್ನು ಎರಡು ಸಲ ಹೇಳಿದ್ದಾದರೆ ತಡೆ, ಉಜ್ಜು, ತಡೆ, ಉಜ್ಜು ಎಂದು ಬರಬೇಕಿತ್ತು. ಕಟ್ಟು, ಕತ್ತು ಪದಗಳಲ್ಲಿ ಒತ್ತು ಮಾಡುವುದೂ ಇದನ್ನೇ, ತಡೆಯನ್ನು ಹಿಡಿದಿಟ್ಟು ಒಂದೇ ಸಲ ಬಿಡುವುದು. ಜ್ಜ ಆ ಗುಂಪಿನಲ್ಲೇ ನಿಂತಿತು.

ನಿಮ್ಮ ಚಿತ್ರದಲ್ಲಿ ಒಂಟಿ ಜ ದ ತಡೆ ಸರಿಯಾಗಿ ಕಾಣದೆ ಉಜ್ಜು ಮೊದಲಿಂದಲೇ ಹರಡಿಕೊಂಡಿದ್ದರೆ ಗಾಬರಿ ಬೇಡ. ಜಾಸ್ತಿ ವೇಗದಲ್ಲಿ ಹೇಳಿದ್ದೀರಿ, ನಾಲಿಗೆ ಪೂರ್ತಿ ತಾಗಿಲ್ಲ. ಸ್ವಲ್ಪ ನಿಧಾನ ಮಾಡಿ ಮತ್ತೆ ಹೇಳಿ.

ಕೈ ಪಳಗಿದ ಮೇಲೆ ಒಂದು ಆಟ ಆಡಬಹುದು. "ಈ ಶಾಲು" ಎಂದು ರೆಕಾರ್ಡ್ ಮಾಡಿ. ಶ ದ ಉಜ್ಜಿನ ಮೊದಲ ಅರ್ಧವನ್ನು ಆರಿಸಿ Ctrl+X ಒತ್ತಿ ತೆಗೆಯಿರಿ. ರೆಕಾರ್ಡಿಂಗಿನ ಶುರುವಿನಲ್ಲಿ ನೀವು ಸುಮ್ಮನಿದ್ದ ಜಾಗದಿಂದ ಸುಮಾರು 80 ಮಿಲಿಸೆಕೆಂಡ್ ಮೌನವನ್ನು Ctrl+C ಮಾಡಿ, 'ಈ' ಮತ್ತು ಉಳಿದ ಉಜ್ಜಿನ ನಡುವೆ Ctrl+V ಮಾಡಿ. ಕೇಳಿ. ಕಿವಿಗೆ "ಈ ಚಾಲು" ಎಂಬುದರ ಹತ್ತಿರದ್ದು ಬೀಳುತ್ತದೆ. ಮೌನವನ್ನು ಸೇರಿಸಿದ್ದು ತಡೆಗೆ, ಉಜ್ಜಿನ ತಲೆ ಕತ್ತರಿಸಿದ್ದು ಯಾಕೆಂದರೆ ಶ ಮೆಲ್ಲಗೆ ಏರುತ್ತದೆ, ಚ ದ ಉಜ್ಜು ಗಿಡ್ಡ ಮತ್ತು ಸಟ್ಟನೆ ಶುರು. ಕತ್ತರಿಸುವ ಜಾಗದಲ್ಲಿ 'ಟಕ್' ಎಂಬ ಸದ್ದು ಬಂದರೆ Ctrl+0 ಒತ್ತಿ ಕರ್ಸರನ್ನು ಅಲೆ ಸೊನ್ನೆ ದಾಟುವಲ್ಲಿಗೆ ಸರಿಸಿಕೊಂಡು ಆಮೇಲೆ ಕತ್ತರಿಸಿ.

ಇದೇ ಬಗೆಯ ಪ್ರಯೋಗವನ್ನು ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದವರು ಇಂಗ್ಲಿಷಿನಲ್ಲಿ ಮಾಡಿ 1978ರಲ್ಲಿ ಪ್ರಕಟಿಸಿದರು. 'ಗ್ರೇ ಶಿಪ್' ಎಂಬ ಮಾತಿನ ನಡುವೆ ಮೌನ ಸೇರಿಸಿದರೆ, ಉಜ್ಜು ಗಿಡ್ಡವಾಗಿದ್ದಾಗ ಜನರಿಗೆ 'ಗ್ರೇ ಚಿಪ್' ಕೇಳಿಸಿತು. ಉಜ್ಜನ್ನು ಉದ್ದ ಮಾಡಿದಾಗ 'ಗ್ರೇಟ್ ಶಿಪ್' ಕೇಳಿಸಿತು. ಅಂದರೆ ಅವೇ ಎರಡು ಘಟಕಗಳು, ಅವುಗಳ ಉದ್ದದ ಹೊಂದಾಣಿಕೆ ಮಾತ್ರ ಬೇರೆ. ಒಮ್ಮೆ ಕಿವಿ ಅವನ್ನು ಒಂದಾಗಿ ಹಿಡಿಯಿತು, ಒಮ್ಮೆ ಎರಡಾಗಿ. ಅದಕ್ಕೇ ನಾನು ಯಂತ್ರದ ಹೆಜ್ಜೆಯನ್ನು ಕೊನೆಗೆ ಇಟ್ಟಿದ್ದು. ಸ್ಪೆಕ್ಟ್ರೋಗ್ರಾಮ್ ಘಟ್ಟಗಳನ್ನು ತೋರಿಸುತ್ತದೆ, ಆದರೆ ಒಂದೋ ಎರಡೋ ಎಂದು ಅದು ಹೇಳುವುದಿಲ್ಲ. ಖ ವನ್ನು ಹಾಕಿ ನೋಡಿ, ಅಲ್ಲೂ ತಡೆ ಮುಗಿದು ಉಸಿರಿನ ಭಾಗ ಬೇರೆಯಾಗಿ ಕಾಣುತ್ತದೆ. ಹಾಗಂತ ಖ ವನ್ನು ಎರಡು ಧ್ವನಿ ಎಂದು ಯಾರೂ ಪ್ರಸ್ತಾರ ಹಾಕುವುದಿಲ್ಲ.

ಬರೆಯುವಾಗ

ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಕನ್ನಡ ಬರೆಯಬೇಕಾದವರು ಎರಡು ಗುರುತುಗಳ ಮೇಲೆ ಕಮಾನು ಹಾಕಿ t͡ʃ, d͡ʒ ಎಂದು ಬರೆಯಿರಿ. ಒಂದೇ ಧ್ವನಿ ಎಂದು ಹೇಳಲು ಇರುವ ಗುರುತು ಆ ಕಮಾನು. ಅದರ ಯೂನಿಕೋಡ್ ಸಂಖ್ಯೆ U+0361, ಎರಡು ಅಕ್ಷರಗಳ ನಡುವೆ ಟೈಪ್ ಮಾಡಬೇಕು. ಒತ್ತು ಬಂದಾಗ ಇಡೀ ಜೋಡಿಯನ್ನು ಮತ್ತೆ ಬರೆಯಬೇಡಿ. ಉದ್ದದ ಗುರುತು ಸೇರಿಸಿ t͡ʃː ಎಂದರೆ ಕಚ್ಚು ಪದದ ನಡುಭಾಗ ಆಯಿತು.

ಜ್ಞ ವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಬರಹದಲ್ಲಿ ಜ ಇದ್ದರೂ ನಾವು ಜ್ಞಾನವನ್ನು ಗ್ನಾನ, ಗ್ಯಾನ ಎಂದೇ ಹೇಳುತ್ತೇವೆ. ಅಲ್ಲಿ ಜ ಧ್ವನಿಯೇ ಇಲ್ಲ.

ಈ ತೀರ್ಮಾನ ಎಲ್ಲಿಯವರೆಗೆ ನಡೆಯುತ್ತದೆ

ಇದುವರೆಗೆ ಹೇಳಿದ್ದು ಕನ್ನಡಕ್ಕೆ ಮಾತ್ರ. ಬೇರೆ ಭಾಷೆಗೆ ಹೋದರೆ ಮತ್ತೆ ಮೊದಲಿಂದ ಎಣಿಸಬೇಕು. ಪೋಲಿಷ್ ಭಾಷೆಯಲ್ಲಿ czy ಎಂದರೆ 'ಏನು, ಹೌದಾ' ಎಂಬ ಪ್ರಶ್ನೆಯ ಪದ, trzy ಎಂದರೆ ಮೂರು. ಮೊದಲನೆಯದರಲ್ಲಿ ಒಂಟಿ ಚ, ಎರಡನೆಯದರಲ್ಲಿ ಟ್ ಆದಮೇಲೆ ಬೇರೆಯಾಗಿ ಷ. ನೆಟ್ಟಗೆ ಮಾತಾಡುವ ಪೋಲಿಷರು ಎರಡನ್ನೂ ಬೇರೆ ಬೇರೆಯಾಗಿ ಹೇಳಿ, ಬೇರೆ ಬೇರೆಯಾಗಿ ಕೇಳುತ್ತಾರೆ. ನಮಗೆ ಎರಡೂ ಚ ಎಂದೇ ಕೇಳಿಸಿಬಿಡುವ ಸಂಭವ ಹೆಚ್ಚು. ಕನ್ನಡದವರು ಒಂದೇ ಪದದೊಳಗೆ ಹೀಗೆ ಚ ಮತ್ತು ಟ್‌ಶ ಎರಡನ್ನೂ ಬಳಸುವುದಿಲ್ಲ. ಇಂಗ್ಲಿಷಿನ 'ನೈಟ್ ಶಿಫ್ಟ್' ಹೇಳುವಾಗ ಟ್ ಮತ್ತು ಶ್ ಪಕ್ಕಪಕ್ಕ ಬರುತ್ತವೆ. ಅದನ್ನು ಹೇಳಿ ನಾಲಿಗೆಯನ್ನು ಗಮನಿಸಿ. ಟ್‌ಗೆ ಹಿಂದೆ ಮಡಚಿದ ತುದಿ ಶ್‌ಗೆ ಜಾಗ ಬದಲಿಸುತ್ತದೆ, 'ನೈಚಿಫ್ಟ್' ಆಗುವುದಿಲ್ಲ.

ಪರೀಕ್ಷೆಗೆ ಒಳ್ಳೆಯ ಕೇಸು ಪಕ್ಕದ ಮನೆಯಲ್ಲೇ ಇದೆ. ತೆಲುಗಿನವರು ಚಳಿಗೆ 'ಚಲಿ' ಎಂದು ಬರೆದು ಹೆಚ್ಚಾಗಿ 'ತ್ಸಲಿ' ಎಂಬ ಹಾಗೆ ಹೇಳುತ್ತಾರೆ. ಮರಾಠಿಯವರು ಚಕ್ರಕ್ಕೆ 'ಚಾಕ' ಎಂದು ಬರೆದು 'ತ್ಸಾಕ್' ಎನ್ನುತ್ತಾರೆ. ಎರಡೂ ಕಡೆ ಅದು ಒಂಟಿ ಧ್ವನಿ. ಬಳ್ಳಾರಿಯಲ್ಲೋ ಬೆಳಗಾವಿಯಲ್ಲೋ ಎರಡು ಭಾಷೆ ಆಡುತ್ತಾ ಬೆಳೆದವರ ಕಿವಿಗೆ ಇದು ಚೆನ್ನಾಗಿ ಗೊತ್ತು. ಅದೇ ತ್ಸ ಕನ್ನಡದ 'ವತ್ಸಲ', 'ಉತ್ಸವ' ಪದಗಳಲ್ಲಿದೆ. ಇಲ್ಲಿ ಪ್ರಸ್ತಾರ ಹಾಕಿದರೆ ವ ಗುರು, ಉ ಗುರು. ಆದ್ದರಿಂದ ಕನ್ನಡದಲ್ಲಿ ತ್ಸ ಎರಡು. ಇಟಲಿಯವರ 'ಪಿಟ್ಸಾ' ನಮ್ಮಲ್ಲಿ ಪಿಜ್ಜಾ ಆಗಿ ಕೂತದ್ದೂ ಇದೇ ಕಾರಣಕ್ಕೆ ಇರಬೇಕು ಎಂದು ನನ್ನ ಅನಿಸಿಕೆ. ಅವರದ್ದು ಒತ್ತು ಬಿದ್ದ ಒಂಟಿ ತ್ಸ. ಆ ಧ್ವನಿ ನಮ್ಮಲ್ಲಿಲ್ಲ, ಇಂಗ್ಲಿಷ್ ಕಾಗುಣಿತದಲ್ಲಿ ಎರಡು ಝಡ್ ಕಂಡಿತು, ಹತ್ತಿರ ಇದ್ದದ್ದು ಜ್ಜ.